ಏಳು ವರ್ಷಕ್ಕೆ ಡಬಲ್ ಆಗುವ ಸೈಟು: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ದೊಡ್ಡಬಳ್ಳಾಪುರದ ಕಡೆಯ ಆ 30×40 ಸೈಟಿನ ಬಗ್ಗೆ ನೀನು ಕೇಳಿದ್ದು ಒಂದೇ ಪ್ರಶ್ನೆ: "ಏಳು ವರ್ಷಕ್ಕೆ ಡಬಲ್ ಆಗುತ್ತೆ ಅಂತಾರೆ, ತಗೊಳ್ಳಲಾ?" ಡಬಲ್ ಆಗೇ ಆಗುತ್ತದೆ ಎಂದಿಟ್ಟುಕೊಂಡು ಮೊದಲು ಲೆಕ್ಕ ಹಾಕೋಣ.

ಚದರಡಿಗೆ 3,500ರಂತೆ 1,200 ಚದರಡಿಗೆ 42 ಲಕ್ಷ. ಇದರ ಮೇಲೆ ಮುದ್ರಾಂಕ ಶುಲ್ಕ ಶೇ. 5, ಆ ಶುಲ್ಕದ ಮೇಲೆ ಸೆಸ್ಸು ಮತ್ತು ಸರ್ಚಾರ್ಜು, 2025ರ ಆಗಸ್ಟ್ ಕೊನೆಯಲ್ಲಿ ಶೇ. 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ. ಎಲ್ಲ ಸೇರಿ ಪಂಚಾಯ್ತಿ ವ್ಯಾಪ್ತಿಯಲ್ಲಿ ಶೇ. 7.65, ಅಂದರೆ ಸುಮಾರು 3.21 ಲಕ್ಷ. ಬ್ರೋಕರ್‌ಗೆ ಶೇ. 1, ವಕೀಲರ ಫೀಸು, ಕಲ್ಲುಕಂಬ ನೆಟ್ಟು ತಂತಿಬೇಲಿ ಹಾಕಿಸುವ ಖರ್ಚು ಕೂಡಿಸಿದರೆ ಸೈಟು ನಿನಗೆ ಬೀಳುವುದು 46.3 ಲಕ್ಷಕ್ಕೆ. ಕಂದಾಯ, ಗಿಡಗಂಟಿ ತೆಗೆಸುವುದು, ಲೇಔಟ್ ನಿರ್ವಹಣೆ ಅಂತ ವರ್ಷಕ್ಕೆ 12,000 ಇಟ್ಟುಕೋ.

ಏಳು ವರ್ಷದ ಮೇಲೆ ಚದರಡಿಗೆ 7,000 ಬಂತು, 84 ಲಕ್ಷಕ್ಕೆ ಮಾರಿದೆ. ಆಗಲೂ ಬ್ರೋಕರ್‌ಗೆ ಶೇ. 1. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಜಮೀನಿನ ಲಾಭಕ್ಕೆ ಈಗ ತೆರಿಗೆ ಶೇ. 12.5, ಸೆಸ್ ಸೇರಿ 13. ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಲಾಭ ಲೆಕ್ಕ ಹಾಕುವ ಹಳೆಯ ಇಂಡೆಕ್ಸೇಷನ್ ಸೌಲಭ್ಯ 2024ರ ಜುಲೈ 23ಕ್ಕೆ ಮುಂಚೆ ಕೊಂಡವರಿಗೆ ಉಳಿದಿದೆ, ನಿನಗಿಲ್ಲ. ತೆರಿಗೆ ಕಟ್ಟಿ, ನಡುವಿನ ಖರ್ಚನ್ನೂ ಕಳೆದರೆ ಕೈಗೆ 77 ಲಕ್ಷದ ಆಸುಪಾಸು. ಹಾಕಿದ 46.3 ಲಕ್ಷಕ್ಕೆ ಇದು ವರ್ಷಕ್ಕೆ ಸುಮಾರು ಶೇ. 7.6. "ಡಬಲ್" ಎಂಬ ಮಾತಿನೊಳಗಿರುವುದು ಇಷ್ಟೇ ಕಣೋ. ಶೇ. 30ರ ಸ್ಲ್ಯಾಬಿನವನಿಗೆ ಬ್ಯಾಂಕ್ ಎಫ್‌ಡಿ ತೆರಿಗೆ ಕಳೆದ ಮೇಲೆ ಇದಕ್ಕಿಂತ ಕಡಿಮೆ ಕೊಡುತ್ತದೆ, ನಿಜ. ಆದರೆ ಎಫ್‌ಡಿಯನ್ನು ಬೇಕಾದ ದಿನ ಮುರಿಸಬಹುದು.

ಬಾಡಿಗೆಯ ವಿಷಯ ಬೇಗ ಮುಗಿಯುತ್ತದೆ: ಖಾಲಿ ಸೈಟಿಗೆ ಬಾಡಿಗೆ ಸೊನ್ನೆ. ಮನೆ ಕಟ್ಟಿ ಬಾಡಿಗೆಗೆ ಬಿಡುತ್ತೇನೆ ಅಂತೀಯ. 2,000 ಚದರಡಿಯನ್ನು 2,200ರಂತೆ ಕಟ್ಟಿಸಿದರೆ 44 ಲಕ್ಷ, ಒಟ್ಟು 90 ದಾಟಿತು. ಎರಡು ಮನೆಗೆ ತಲಾ 14,000 ಬಂದರೂ ವರ್ಷಕ್ಕೆ 3.36 ಲಕ್ಷ, ಶೇ. 3.7. ಖಾಲಿ ಬಿದ್ದ ತಿಂಗಳು, ಸುಣ್ಣಬಣ್ಣ, ರಿಪೇರಿ ಇದರಲ್ಲಿ ಕಳೆದಿಲ್ಲ. ಸುತ್ತ ದೀಪ ಹೊತ್ತಿದ ಮನೆಗಳೇ ಇಲ್ಲದ ಲೇಔಟಿನಲ್ಲಿ ಅಷ್ಟು ಬಾಡಿಗೆ ಯಾರು ಕೊಡುತ್ತಾರೆ ಎಂಬುದು ಬೇರೆ ಮಾತು. ಹಾಗಾಗಿ ನಿನ್ನ ಲಾಭವೆಲ್ಲ ಒಂದೇ ಕಡೆ ನಿಂತಿದೆ: ಮಾರುವ ದಿನ ಕೊಳ್ಳುವವನು ಸಿಗಬೇಕು.

ಅದನ್ನು ಈಗಲೇ ಪರೀಕ್ಷಿಸಬಹುದು. ಆ ಲೇಔಟಿನಲ್ಲೇ ಸೈಟಿರುವ ಯಾರಾದರೂ ಪರಿಚಯವಾದರೆ, ಬ್ರೋಕರ್‌ಗಳಿಗೆ ಫೋನ್ ಮಾಡಿ "ನಂದೊಂದಿದೆ, ಎಷ್ಟಕ್ಕೆ ಹೋಗುತ್ತೆ, ಎಷ್ಟು ದಿನ ಹಿಡಿಯುತ್ತೆ" ಅಂತ ಅವರಿಂದಲೇ ಕೇಳಿಸು. ಕೊಳ್ಳುವವನಿಗೆ 3,500 ಹೇಳುವ ಬಾಯಿ ಮಾರುವವನಿಗೆ ಎಷ್ಟು ಹೇಳುತ್ತದೆ ಎಂಬುದೇ ನಿಜವಾದ ರೇಟು. ಡೆವಲಪರ್ ಪಕ್ಕದಲ್ಲೇ ಎರಡನೇ ಹಂತ ಮಾರುತ್ತಿದ್ದರೆ ಮರುಮಾರಾಟ ಇನ್ನೂ ಕಷ್ಟ. ಅವನು ಬ್ರೋಕರ್‌ಗೆ ಹೆಚ್ಚು ಕಮಿಷನ್ ಕೊಡುತ್ತಾನೆ, ಬ್ಯಾಂಕ್ ಸಾಲ ಹೊಂದಿಸಿಕೊಡುತ್ತಾನೆ. ನಿನ್ನ ಸೈಟು ತೋರಿಸಲು ಯಾರೂ ಬರುವುದಿಲ್ಲ.

ಇನ್ನೊಂದು ದಾರಿ ಇಸಿ, ಅಂದರೆ ಒಂದು ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನಿನ್ನ ಸೈಟ್ ನಂಬರಿಗೆ ಮಾತ್ರವಲ್ಲ, ಲೇಔಟ್ ಎದ್ದ ಮೂಲ ಸರ್ವೆ ನಂಬರಿಗೂ ಅರ್ಜಿ ಹಾಕು. ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು ಎಂಬ ಕಾಲಮ್ಮುಗಳನ್ನು ಓದು. ಎಲ್ಲ ಕ್ರಯಪತ್ರಗಳೂ ಡೆವಲಪರ್‌ನಿಂದ ಗ್ರಾಹಕರಿಗೇ ಆಗಿದ್ದು, ಗ್ರಾಹಕರಿಂದ ಇನ್ನೊಬ್ಬರಿಗೆ ಆದದ್ದು ಒಂದೆರಡೇ ಇದ್ದರೆ, ಅಲ್ಲಿ ಒಳಗೆ ಹೋಗುವ ಬಾಗಿಲು ಇದೆ, ಹೊರಗೆ ಬರುವ ಬಾಗಿಲಿಲ್ಲ. ಅಲ್ಲಿ ಬರೆದ ಮೊತ್ತವನ್ನು ಮಾತ್ರ ಪೂರ್ತಿ ನಂಬಬೇಡ. ಎಷ್ಟೋ ಜನ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರಕ್ಕೇ ನೋಂದಾಯಿಸುತ್ತಾರೆ.

ಇಸಿಯಲ್ಲಿ ಏನೂ ತಪ್ಪು ಕಾಣಲಿಲ್ಲ ಅಂತ ಟೈಟಲ್ ಸರಿಯಿದೆ ಎಂದಲ್ಲ. ನೋಂದಣಿಯಾದದ್ದು ಮಾತ್ರ ಅದರಲ್ಲಿ ಬರುತ್ತದೆ. ಬಾಯಿಮಾತಿನ ಪಾಲು, ಹಕ್ಕಿರುವ ವಾರಸುದಾರರು, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಕಾಣದೆ ಹೋಗಬಹುದು. ಪಿತ್ರಾರ್ಜಿತ ಜಮೀನಾದರೆ ವಂಶವೃಕ್ಷ ಇಟ್ಟುಕೊಂಡು ಮೂಲ ಕ್ರಯಪತ್ರದಲ್ಲಿ ಹೆಣ್ಣುಮಕ್ಕಳ ಸಹಿ ಇದೆಯೇ ನೋಡು. 2020ರಲ್ಲಿ ಸುಪ್ರೀಂ ಕೋರ್ಟ್ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರ ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದಿದೆ. ಗಂಡುಮಕ್ಕಳು ಮಾತ್ರ ಸಹಿ ಹಾಕಿದ ಜಮೀನುಗಳ ಮೇಲೆ ದಾವೆ ಬೀಳುವುದು ಇಲ್ಲಿಂದಲೇ.

ಮೂಲ ಹಕ್ಕು ಸರ್ಕಾರ ಜಮೀನು ಮಂಜೂರು ಮಾಡಿ ಕೊಡುವ ಸಾಗುವಳಿ ಚೀಟಿಯಿಂದ ಶುರುವಾಗಿದ್ದರೆ ಮಂಜೂರಾದದ್ದು ಯಾರಿಗೆ ಎಂದು ತಾಲೂಕು ಕಚೇರಿಯಲ್ಲಿ ಕಡತ ತೆಗೆಸು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟವೇ ಅಸಿಂಧು. 2023ರ ತಿದ್ದುಪಡಿಯಿಂದ ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ನಡುವೆ ನಾಲ್ಕು ಕೈ ಬದಲಾಗಿದೆ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು.

ಆಮೇಲೆ ಲೇಔಟು. ಭೂಪರಿವರ್ತನೆ ಆದೇಶದಲ್ಲಿರುವ ಎಕರೆ-ಗುಂಟೆಯನ್ನೂ ಯೋಜನಾ ಪ್ರಾಧಿಕಾರ ಅನುಮೋದಿಸಿದ ನಕ್ಷೆಯ ವಿಸ್ತೀರ್ಣವನ್ನೂ ಅಕ್ಕಪಕ್ಕ ಇಡು. ನಕ್ಷೆಯದ್ದು ಹೆಚ್ಚಿದ್ದರೆ ಸಾಗುವಳಿಗೆ ಬಾರದ ಖರಾಬು ಜಮೀನು ಒಳಗೆ ಸೇರಿರಬಹುದು. ಬ್ರೋಷರಿನಲ್ಲಿರುವ ಸೈಟ್ ನಂಬರ್ ಅನುಮೋದಿತ ನಕ್ಷೆಯಲ್ಲೂ ಅದೇ ಜಾಗದಲ್ಲಿದೆಯೇ, ಆ ಸೈಟು ಮಾರಾಟಕ್ಕೆ ಬಿಡುಗಡೆಯಾಗಿದೆಯೇ ಎಂದು ಪ್ರಾಧಿಕಾರದಲ್ಲೇ ಕೇಳು. ಜಂಟಿ ಅಭಿವೃದ್ಧಿ ಲೇಔಟಾದರೆ ಹಂಚಿಕೆ ಕರಾರನ್ನು ತರಿಸಿ ನೋಡು. ಜಮೀನು ಮಾಲೀಕನ ಪಾಲಿಗೆ ಬಂದ ಸೈಟನ್ನು ಡೆವಲಪರ್ ಮಾರಿಬಿಡುವುದುಂಟು. ರೇರಾ ನಂಬರ್ ಇದ್ದರೆ ಒಳ್ಳೆಯದು, ಆದರೆ ಅದು ಟೈಟಲ್‌ಗೆ ಗ್ಯಾರಂಟಿ ಅಲ್ಲ.

ಪಂಚಾಯ್ತಿ ಸೈಟಿಗೆ ಗ್ರಾಮ ಪಂಚಾಯ್ತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. "11ಬಿ ಇದೆ, ರಿಜಿಸ್ಟ್ರೇಷನ್ ಮಾಡಿಸಿಕೊಡ್ತೀನಿ" ಅಂದರೆ ಅಲ್ಲೇ ನಿಲ್ಲಿಸು. ಅನುಮೋದನೆಯಿಲ್ಲದ ಅಂಥ ಸೈಟಿಗೆ ಸಾಮಾನ್ಯವಾಗಿ ಬ್ಯಾಂಕ್ ಸಾಲ ಸಿಗದು, ನಾಳೆ ನಿನ್ನಿಂದ ಕೊಳ್ಳುವವನು ಪೂರ್ತಿ ದುಡ್ಡು ಕೈಯಲ್ಲಿಟ್ಟುಕೊಂಡವನೇ ಆಗಿರಬೇಕಾಗುತ್ತದೆ. ಕಾಗದದ ಕೊರತೆ ಕೋರ್ಟಿಗೆ ಹೋಗುವ ಮೊದಲೇ ಹೀಗೆ ರೇಟಿನಲ್ಲಿ ಕಾಣಿಸಿಕೊಳ್ಳುತ್ತದೆ.

ನಿನಗೆ ಸಾಲ ಬೇಡದಿದ್ದರೂ ಒಂದು ರಾಷ್ಟ್ರೀಕೃತ ಬ್ಯಾಂಕಿಗೆ ಪ್ಲಾಟ್ ಲೋನ್ ಅರ್ಜಿ ಹಾಕಿ ಅವರ ವಕೀಲರಿಂದ ಕಾನೂನು ಅಭಿಪ್ರಾಯ ಬರುವಂತೆ ಮಾಡು. ಜೊತೆಗೆ ನಿನ್ನದೇ ವಕೀಲರೂ ಇರಲಿ, ಡೆವಲಪರ್ ಹೇಳಿದವರು ಬೇಡ. ಮುಂಗಡ ಚೆಕ್ಕಿನಲ್ಲೇ ಕೊಡು. ಕೇಳಿದ ದಾಖಲೆ 30 ದಿನದೊಳಗೆ ಬರದಿದ್ದರೆ ಪೂರ್ತಿ ವಾಪಸ್ ಎಂದು ಕರಾರಿನಲ್ಲಿ ಬರೆಸು.

ಕಾಗದ ಎಲ್ಲ ಸರಿಯಿದ್ದರೂ 3,500ಕ್ಕೆ ಕೊಳ್ಳು ಎನ್ನಲಾರೆ. ಖರ್ಚು, ತೆರಿಗೆ ಕಳೆದು ಬರೀ ಶೇ. 8 ಉಳಿಯಬೇಕೆಂದರೂ ಆ ರೇಟಿಗೆ ಕೊಂಡವನು ಏಳು ವರ್ಷಕ್ಕೆ 7,200ಕ್ಕೆ ಮಾರಬೇಕು, ಅಂದರೆ ಬೆಲೆ ವರ್ಷಾ ವರ್ಷ ಹತ್ತಿರಹತ್ತಿರ ಶೇ. 11 ಏರಬೇಕು. ಅದೇ ಲೇಔಟಿನ ಮೊದಲ ಹಂತದಲ್ಲಿ ದುಡ್ಡಿನ ತುರ್ತಿಗೆ ಮಾರುತ್ತಿರುವವರನ್ನು ಹುಡುಕು. ಅವರು 3,000ಕ್ಕೆ ಇಳಿದರೆ ಮಾತಾಡೋಣ.

ನಿನ್ನ,
ಗೆಳೆಯ