ಮಗಳಿಗೊಂದು ಪತ್ರ: ಆನ್ಯುಟಿಯ ಚೀಟಿ ಮುಂದಿಟ್ಟುಕೊಂಡು

ಕಲಬುರಗಿ

ಚಿ. ಮಹಾದೇವಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಿವೃತ್ತಿಯ ಹಣದಲ್ಲಿ 10 ಲಕ್ಷ ರೂಪಾಯಿಗೆ ಆನ್ಯುಟಿ, ಅಂದರೆ ಒಂದೇ ಸಲ ಹಣ ಕಟ್ಟಿ ಬದುಕಿರುವವರೆಗೆ ಪಡೆಯುವ ಪಿಂಚಣಿ, ಕೊಳ್ಳುವ ವಿಚಾರವಾಗಿ ನೀನು ಫೋನಿನಲ್ಲಿ ಕೇಳಿದಾಗ ನಾನು ಸರಿಯಾಗಿ ಉತ್ತರಿಸಲಿಲ್ಲ. ಏಜೆಂಟರು ಬರೆದುಕೊಟ್ಟ ಚೀಟಿ ಈಗ ಎದುರಿಗಿದೆ. 60 ವರ್ಷದ ನನಗೆ ಬದುಕಿರುವವರೆಗೆ ತಿಂಗಳಿಗೆ ಒಂದೇ ಸಮನೆ 7,000 ರೂಪಾಯಿ ಸಿಗುತ್ತದೆ. ಇಲ್ಲವೇ 5,600ರಿಂದ ಆರಂಭವಾಗಿ ವರ್ಷಕ್ಕೆ ಶೇ. 3ರಂತೆ ಹೆಚ್ಚುತ್ತದೆ, ಅದೂ ಬೇಡವೆಂದರೆ ಒಂದೇ ಸಮನೆ 5,500, ನನ್ನ ನಂತರ ಅಸಲು 10 ಲಕ್ಷ ನಿನಗೆ ವಾಪಸ್.

ಅಸಲು ಉಳಿಯುವುದನ್ನೇ ಆರಿಸು ಎಂದು ನೀನು ಹೇಳಿದೆ. ಆದರೆ ವರ್ಷಕ್ಕೆ 66,000 ಎಂದರೆ ನಮ್ಮದೇ ಹಣಕ್ಕೆ ಶೇ. 6.6ರ ಬಡ್ಡಿ, ಅಷ್ಟೆ. ಬೇಗ ತೀರಿಕೊಂಡವರ ಹಣದಲ್ಲಿ ಹೆಚ್ಚು ಕಾಲ ಬದುಕಿದವರಿಗೆ ಸಿಗುವ ಪಾಲೇ ಆನ್ಯುಟಿಯ ಸತ್ವ. ಅಸಲು ವಾಪಸ್ ಬೇಕೆಂದ ಕೂಡಲೇ ಆ ಪಾಲನ್ನು ಬಹುತೇಕ ಬಿಟ್ಟುಕೊಟ್ಟ ಹಾಗೆ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ, 25 ವರ್ಷಗಳ ನಂತರ ನಿನ್ನ ಕೈಸೇರುವ ಆ 10 ಲಕ್ಷದ ಬೆಲೆ ಇಂದಿನ 3 ಲಕ್ಷಕ್ಕೂ ಕಡಿಮೆ. ನಾನು ಬೇಗ ಹೋದರೆ ಮಾತ್ರ ಅದು ನಿನಗೆ ಲಾಭ.

ಹೆಚ್ಚುವ ಪಿಂಚಣಿಯನ್ನು ಏಜೆಂಟರು ಬೆಲೆಯೇರಿಕೆಗೆ ತಕ್ಕದ್ದು ಎಂದರು, ಅದು ಸರಿಯಲ್ಲ. ಬ್ರಿಟನ್ನಿನಲ್ಲಿ ಬೆಲೆ ಸೂಚ್ಯಂಕದ ಜೊತೆಗೇ ಏರುವ ಆನ್ಯುಟಿ ಸಿಗುತ್ತದೆ. ಈ ಚೀಟಿಯಲ್ಲಿರುವುದು ಮೊದಲ ಪಿಂಚಣಿಯ ಮೇಲಿನ ಸರಳ ಶೇ. 3, ಅಂದರೆ ಗಂಜ್ ಮಾರುಕಟ್ಟೆಯಲ್ಲಿ ತೊಗರಿಬೇಳೆಯ ದರ ಎಷ್ಟೇ ಏರಲಿ, ಪ್ರತಿ ವರ್ಷ ಅದೇ 168 ರೂಪಾಯಿ. 21ನೆಯ ವರ್ಷ ಪಿಂಚಣಿ 8,960 ಆದಾಗ ಆ 168 ಶೇ. 2ರಷ್ಟೂ ಆಗುವುದಿಲ್ಲ.

ಆದರೂ ಲೆಕ್ಕ ಹಾಕಿ ನೋಡಿದೆ. 10ನೆಯ ವರ್ಷ ಅದು 7,000 ದಾಟುತ್ತದೆ. ಮೊದಲ ವರ್ಷಗಳಲ್ಲಿ ಕಡಿಮೆ ಬಂದದ್ದೆಲ್ಲ ಭರ್ತಿಯಾಗುವುದು 18ನೆಯ ವರ್ಷ, ನನಗೆ 77 ತುಂಬಿದ ಮೇಲೆ. 7,000 ಪಡೆದು ಹೆಚ್ಚುವರಿಯನ್ನು ಶೇ. 6ರ ಬಡ್ಡಿಗೆ ಕೂಡಿಟ್ಟಿದ್ದರೆ ಎಂದು ಎಣಿಸಿದರೆ, ಆ ಗಡಿ 82-83ಕ್ಕೆ ಸರಿಯುತ್ತದೆ. ನಿನ್ನ ಅಜ್ಜಿ 90 ದಾಟಿದವಳು, ಕೊನೆಯ ಎಂಟು ವರ್ಷ ಅವಳ ಔಷಧಿ ಚೀಟಿಗಳನ್ನು ಜೋಡಿಸಿಡುತ್ತಿದ್ದವಳು ನಾನೇ. ಆ ವಯಸ್ಸಿನಲ್ಲಿ ಕೂಡಿಟ್ಟ ಹಣವನ್ನು ನಾನೇ ಅಳೆದು ಖರ್ಚು ಮಾಡಬಲ್ಲೆ ಎಂಬ ಧೈರ್ಯ ನನಗಿಲ್ಲ. ಆದ್ದರಿಂದ ಅಸಲು ವಾಪಸಾತಿ ಇಲ್ಲದ, ಹೆಚ್ಚುವ ಪಿಂಚಣಿಯನ್ನೇ ಕೊಳ್ಳಬೇಕೆಂದಿದ್ದೇನೆ.

ಒಂದು ಮಾತು ಮಾತ್ರ ನೆನಪಿಡು. ಅಸಲು ವಾಪಸ್ ಬರುವ ಯೋಜನೆಯನ್ನು ಅಗತ್ಯ ಬಿದ್ದರೆ ಸಾಮಾನ್ಯವಾಗಿ ಸರೆಂಡರ್ ಮಾಡಿ ಹಣ ಹಿಂದಕ್ಕೆ ಪಡೆಯಬಹುದು. ಇದನ್ನು ಹಾಗೆ ಮುರಿಯಲಾಗದು. ಅದಕ್ಕೇ ಬ್ಯಾಂಕಿನ ಠೇವಣಿಯನ್ನು ಆಸ್ಪತ್ರೆಯ ಖರ್ಚಿಗೆಂದು ಮುಟ್ಟದೆ ಇಟ್ಟಿದ್ದೇನೆ, ಅದರ ನಾಮಿನಿ ನೀನೇ. ನಿನ್ನ ಒಪ್ಪಿಗೆ ಬಂದ ಮೇಲೆ ಸಹಿ ಹಾಕುತ್ತೇನೆ.

ನಿನ್ನ ಅವ್ವ