ವಿಚಾರಣೆ ನಡೆಯುವಾಗ ಹಾಕಿದ ಒಂದು ಪೋಸ್ಟ್

ಮಾನ್ಯ ಸಂಪಾದಕರೇ,

ಕೆಲಸದ ಜಾಗದಲ್ಲಿ ನಡೆಯುವ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಯಲ್ಲಿ ನಾನು ಕೆಲವು ವರ್ಷ ಹೊರಗಿನ ಸದಸ್ಯೆಯಾಗಿದ್ದೆ. ಗಟ್ಟಿಯಾಗಿದ್ದ ದೂರು, ರಾತ್ರಿ ಸಂಕಟ ತಡೆಯಲಾಗದೆ ಹಾಕಿದ ಒಂದು ಫೇಸ್‌ಬುಕ್ ಪೋಸ್ಟಿನಿಂದ ಸಡಿಲವಾಗಿದ್ದನ್ನು ನೋಡಿದ್ದೇನೆ. ಅದನ್ನು ಹೇಳಲೆಂದೇ ಈ ಪತ್ರ. ಯಾರ ಗುರುತೂ ಸಿಗಬಾರದೆಂದು ಬೇರೆ ಬೇರೆ ಪ್ರಕರಣಗಳ ವಿವರ ಸೇರಿಸಿ, ಬದಲಿಸಿ ಬರೆಯುತ್ತಿದ್ದೇನೆ.

ಒಬ್ಬ ಹುಡುಗಿ ತನ್ನ ಮೇಲ್ವಿಚಾರಕನ ಮೇಲೆ ದೂರು ಕೊಟ್ಟಿದ್ದಳು. ಸ್ಟೋರ್ ರೂಮಿನಲ್ಲಿ ಒಂದು ಸಂಜೆ ಅವನು ಕೈ ಹಿಡಿದು ಎಳೆದ ಎಂದು ಅದರಲ್ಲಿತ್ತು. ಮೂರು ವಾರವಾದರೂ ಸಮಿತಿಯಿಂದ ಅವಳಿಗೆ ಸುದ್ದಿಯಿಲ್ಲ. ಅವನೋ ದಿನಾ ಎದುರಿಗೇ ಓಡಾಡುತ್ತಿದ್ದ. ಒಂದು ರಾತ್ರಿ ಅವಳು ‘ತಿಂಗಳುಗಟ್ಟಲೆ ಕಾಟ ಅನುಭವಿಸಿದ್ದೇನೆ’ ಎಂದು ಅವನ ಹೆಸರು ಸಮೇತ ಬರೆದಳು.

ಎರಡೂ ಮಾತು ನಿಜವೇ ಆಗಿದ್ದವು. ಕಾಟ ತಿಂಗಳುಗಟ್ಟಲೆ ಇತ್ತು, ದೂರಿನಲ್ಲಿ ಅವಳು ಅತಿ ಕೆಟ್ಟ ಘಟನೆಯೊಂದನ್ನೇ ಬರೆದಿದ್ದಳು. ಆದರೆ ಆ ಕಡೆಯವರು ಪೋಸ್ಟನ್ನು ಮುದ್ರಿಸಿ ತಂದು, ‘ಒಂದು ಸಂಜೆಯೋ, ತಿಂಗಳುಗಟ್ಟಲೆಯೋ? ಯಾವುದು ಸರಿ?’ ಎಂದು ಕೇಳಿದರು.

ಅದಕ್ಕಿಂತ ಜಾಸ್ತಿ ಪೆಟ್ಟು ಬಿದ್ದದ್ದು ಸಾಕ್ಷಿಗೆ. ಸಹೋದ್ಯೋಗಿಯೊಬ್ಬಳು ಪೋಸ್ಟಿನ ಕೆಳಗೆ ‘ನಾನೇ ಕಣ್ಣಾರೆ ನೋಡಿದ್ದೇನೆ’ ಎಂದು ಬರೆದಿದ್ದಳು. ವಿಚಾರಣೆಯಲ್ಲಿ ಪ್ರಾಮಾಣಿಕವಾಗಿ ಹೇಳಿದ್ದು ಬೇರೆ: ‘ಒಳಗೆ ನಡೆದದ್ದನ್ನು ನೋಡಿಲ್ಲ, ಅವಳು ಅಳುತ್ತಾ ಹೊರಗೆ ಬಂದದ್ದನ್ನು ನೋಡಿದೆ.’ ಇಂಥ ಪ್ರಕರಣದಲ್ಲಿ ಅದು ಬಹಳ ಬೆಲೆಯುಳ್ಳ ಸಾಕ್ಷ್ಯ. ಆ ಒಂದು ಸಾಲಿನ ಕಾಮೆಂಟಿನಿಂದಾಗಿ ಅವಳನ್ನೇ ಸುಳ್ಳಿ ಎಂದರು. ಸಮಿತಿಯ ಸದಸ್ಯರೊಬ್ಬರು ಪೋಸ್ಟಿಗೆ ಲೈಕ್ ಒತ್ತಿದ್ದರು. ಅವರು ಮೊದಲೇ ಒಂದು ಪಕ್ಷ ಹಿಡಿದಿದ್ದಾರೆ ಎಂಬ ಆಕ್ಷೇಪ ಬಂತು. ಅವರ ಜಾಗಕ್ಕೆ ಬೇರೆಯವರು ಬಂದು, ಹೇಳಿಕೆಗಳನ್ನು ಮತ್ತೆ ಮೊದಲಿಂದ ಪಡೆಯಬೇಕಾಯಿತು. ಹೆದರಿದ ಹುಡುಗಿ ಪೋಸ್ಟ್ ಅಳಿಸಿದಳು. ಸ್ಕ್ರೀನ್‌ಶಾಟ್ ಆ ಕಡೆಯವರ ಬಳಿ ಆಗಲೇ ಇತ್ತು, ‘ಸಾಕ್ಷ್ಯ ನಾಶ ಮಾಡಿದ್ದಾಳೆ’ ಎಂಬ ಮಾತೂ ಸೇರಿಕೊಂಡಿತು.

ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಕಲಂ ಪ್ರಕಾರ ದೂರಿನ ವಿವರ, ದೂರುದಾರೆ, ಎದುರಾಳಿ ಮತ್ತು ಸಾಕ್ಷಿಗಳ ಗುರುತು, ವಿಚಾರಣೆಯ ಮಾಹಿತಿ ಯಾವುದನ್ನೂ ಸಾರ್ವಜನಿಕರಿಗೆ ತಿಳಿಸುವಂತಿಲ್ಲ. ಇದು ಬಾಯಿ ಮುಚ್ಚಿಸುವ ನಿಯಮ ಎಂದು ಹಲವರು ಸಿಟ್ಟಾಗುತ್ತಾರೆ. ಆದರೆ ಇದು ಸಾಕ್ಷಿಗಳನ್ನೂ ಕಾಯುತ್ತದೆ. ಇನ್ನೊಂದು ವ್ಯತ್ಯಾಸವೂ ಗೊತ್ತಿರಲಿ. ಅಧಿಕಾರವುಳ್ಳವರ ಮುಂದೆ ಒಳ್ಳೆಯ ಉದ್ದೇಶದಿಂದ ಕೊಟ್ಟ ದೂರಿಗೆ ಮಾನನಷ್ಟ ಕಾನೂನಿನಲ್ಲೇ ವಿನಾಯಿತಿ ಇದೆ. ಫೇಸ್‌ಬುಕ್ ಗೋಡೆಗೆ ಆ ರಕ್ಷಣೆ ಸಿಗುವುದಿಲ್ಲ. ಲೈಂಗಿಕ ಕಿರುಕುಳದ ಆರೋಪವನ್ನು ಬಹಿರಂಗವಾಗಿ ಮಾಡಿದ್ದಕ್ಕೆ ಪತ್ರಕರ್ತೆ ಪ್ರಿಯಾ ರಮಣಿ ಅವರ ಮೇಲೆ ಎಂ.ಜೆ. ಅಕ್ಬರ್ 2018ರಲ್ಲಿ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಅವರು ಖುಲಾಸೆಯಾದರು, ನಿಜ. ಆದರೆ ಅದು 2021ರ ಫೆಬ್ರುವರಿಯಲ್ಲಿ. ಅಷ್ಟು ದಿನ ಕೋರ್ಟಿಗೆ ಅಲೆಯುವ ಶಕ್ತಿ ಎಲ್ಲರಿಗೂ ಇರುತ್ತದಾ?

ಹಾಗಂತ ನೋವನ್ನು ನುಂಗಿಕೊಳ್ಳಿ ಎನ್ನುವುದಿಲ್ಲ. ನಂಬಿಕೆಯ ಒಬ್ಬರ ಹತ್ತಿರ, ವಕೀಲರ ಹತ್ತಿರ, ಆಪ್ತ ಸಲಹೆಗಾರರ ಹತ್ತಿರ ಹೇಳಿಕೊಳ್ಳಿ. ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲ ದೂರಿನಲ್ಲಿ ಬಿಟ್ಟುಹೋದ ಘಟನೆಗಳು ಅಲ್ಲಿ ನೆನಪಾಗುತ್ತವೆ, ಅವನ್ನು ಸಮಿತಿಗೆ ಲಿಖಿತವಾಗಿ ಕೊಡಿ. ಅವನು ಎದುರಿಗೇ ಇರುವುದು ಕಷ್ಟವಾದರೆ 12ನೇ ಕಲಂ ಅಡಿ ಬರೆದು ಕೇಳಿ. ವಿಚಾರಣೆ ಮುಗಿಯುವವರೆಗೆ ವರ್ಗಾವಣೆಗೆ ಅಥವಾ ಮೂರು ತಿಂಗಳವರೆಗಿನ ರಜೆಗೆ ಸಮಿತಿ ಶಿಫಾರಸು ಮಾಡಬಹುದು. ಈಗಾಗಲೇ ಪೋಸ್ಟ್ ಹಾಕಿದ್ದರೆ ಗಾಬರಿಯಲ್ಲಿ ಅಳಿಸಬೇಡಿ. ಕಾಮೆಂಟುಗಳ ಸಮೇತ ಪ್ರತಿ ಇಟ್ಟುಕೊಂಡು, ಬೇರೆಯವರಿಗೆ ಕಾಣದಂತೆ ಮಾಡಿ. ಆಮೇಲೆ ಸಮಿತಿಗೆ ನೀವೇ ತಿಳಿಸಿ, ದೂರಿಗೂ ಪೋಸ್ಟಿಗೂ ಇರುವ ವ್ಯತ್ಯಾಸ ಏಕೆಂದು ವಿವರಿಸಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ವಿಚಾರಣೆಗೆ ಕಾಯ್ದೆ ಕೊಟ್ಟಿರುವುದು 90 ದಿನ. ಅಷ್ಟೂ ದಿನ ದೂರುದಾರೆಯನ್ನು ಸುಮ್ನೆ ಕತ್ತಲಲ್ಲಿ ಕೂರಿಸಿದರೆ ಅವಳು ಇನ್ನೆಲ್ಲಿ ಹೇಳಿಕೊಳ್ಳಬೇಕು? ದೂರು ಸೇರಿದೆ, ಪ್ರತಿ ಎದುರಾಳಿಗೆ ಹೋಗಿದೆ, ಮುಂದಿನ ವಿಚಾರಣೆ ಈ ದಿನ ಎಂಬ ಮೂರು ಸಾಲಿನ ಪತ್ರ ಆ ಹುಡುಗಿಗೆ ಮೊದಲ ವಾರವೇ ಹೋಗಬೇಕಿತ್ತು. ನಾವು ಕಳಿಸಿರಲಿಲ್ಲ. ಈಗ ಸಮಿತಿಗಳಲ್ಲಿ ಇರುವವರು ದಯವಿಟ್ಟು ಕಳಿಸಿ.

ಇಂತಿ,
ಆಂತರಿಕ ಸಮಿತಿಯ ಮಾಜಿ ಸದಸ್ಯೆ,
ಮೈಸೂರು