ಡೆಂಗಿ ಸರ್ವೆ: ತಿಳಿವಳಿಕೆ ಪ್ರಶ್ನೆ ಕೇಳುವಾಗ

ಎಲ್ಲರಿಗೂ ನಮಸ್ಕಾರ. ನಾಳೆಯಿಂದ ಮತ್ತಿಕೆರೆ, ಯಶವಂತಪುರದಲ್ಲಿ ಮನೆಮನೆಗೆ ಹೋಗುವವರು ದಯವಿಟ್ಟು ಗಮನಿಸಿ.

"ಡೆಂಗಿ ಸೊಳ್ಳೆ ಹೆಚ್ಚಾಗಿ ಎಲ್ಲಿ ಮೊಟ್ಟೆ ಇಡುತ್ತದೆ? ಮನೆಯಲ್ಲಿ ತುಂಬಿಟ್ಟ ನೀರಲ್ಲೋ, ಚರಂಡಿಯಲ್ಲೋ?" ಇರುವುದು ಎರಡೇ ಆಯ್ಕೆ. ಏನೂ ಗೊತ್ತಿಲ್ಲದ 100 ಜನ ಸುಮ್ನೆ ಊಹಿಸಿದರೂ ಸುಮಾರು 50 ಉತ್ತರ ಸರಿ ಬರುತ್ತವೆ. ಅದಕ್ಕೇ "ಗೊತ್ತಿಲ್ಲ" ಅನ್ನುವುದನ್ನೂ ಜೊತೆಗೇ ಓದಿ ಹೇಳಿ. ಹಾಗೆಂದವರನ್ನು "ಅಂದಾಜಿಗೆ ಹೇಳಿ" ಅಂತ ಒತ್ತಾಯಿಸಬೇಡಿ.

"ಡ್ರಮ್ ಮುಚ್ಚಿಡ್ತೀರಾ?" ಅನ್ನುವುದು ಇದಾದ ಮೇಲೇ. ಮೊದಲೇ ಕೇಳಿದರೆ ಉತ್ತರ ನಾವೇ ಹೇಳಿಕೊಟ್ಟ ಹಾಗೆ, ಅಲ್ವಾ? ಅದನ್ನು ಕೇಳಿದ ಮೇಲೆ ಹಿಂದಿನ ಉತ್ತರ ಬದಲಿಸುತ್ತೇನೆ ಅಂದರೂ ತಿದ್ದಬೇಡಿ. "ಕರೆಕ್ಟ್" ಅನ್ನುವುದು, ತಲೆಯಾಡಿಸುವುದೂ ಬೇಡ.

ಸರಿ ಉತ್ತರವನ್ನು ಖಂಡಿತ ತಿಳಿಸಿ, ಆದರೆ ಕೊನೆಯ ಪ್ರಶ್ನೆ ಮುಗಿದ ಮೇಲೆ. ವಠಾರದಲ್ಲಿ ಪಕ್ಕದ ಮನೆಯವರಿಗೂ ಕೇಳಿಸುತ್ತದೆ. ಅಲ್ಲಿ ಎಲ್ಲ ಮನೆ ಮುಗಿಸಿಯೇ ಕರಪತ್ರ ಕೊಡಿ.

ಓದಿದವರು ರಾತ್ರಿ 8ರೊಳಗೆ "ಸರಿ" ಅಂತ ಹಾಕಿ.